ಕೈಯಲ್ಲೆಷ್ಟು ಕೆಲಸ, ಮುಗಿಯಲೆಷ್ಟು ದಿನ?

2004ರಲ್ಲಿ ಹೈದರಾಬಾದಿನ ಒಂದು ಪುಟ್ಟ ತಂಡಕ್ಕೆ ಮೈಕ್ರೋಸಾಫ್ಟ್‌ನೊಳಗೆ ಕೆಟ್ಟ ಹೆಸರಿತ್ತು. ತಂಡದಲ್ಲಿ ಮೂವರು ಡೆವಲಪರ್‌ಗಳು, ಮೂವರು ಟೆಸ್ಟರ್‌ಗಳು. ಕಂಪನಿಯವರು ತಮ್ಮೊಳಗಿನ ಬಳಕೆಗೆ ಇಟ್ಟುಕೊಂಡಿದ್ದ ಹತ್ತಾರು ಸಾಫ್ಟ್‌ವೇರ್‌ಗಳಲ್ಲಿ ದೋಷ ತಿದ್ದುವುದು, ಸಣ್ಣಪುಟ್ಟ ಬದಲಾವಣೆ ಮಾಡಿಕೊಡುವುದು ಅವರ ಕೆಲಸ. ಒಂದೊಂದು ಬದಲಾವಣೆಗೆ ನಿಜವಾಗಿ ಬೇಕಾಗುತ್ತಿದ್ದುದು ಕೆಲವು ದಿನಗಳ ದುಡಿಮೆ. ಆದರೆ ಕೇಳಿದವರ ಕೈಗೆ ಅದು ಸೇರುವಷ್ಟರಲ್ಲಿ ಸುಮಾರು ಐದು ತಿಂಗಳು ಕಳೆದಿರುತ್ತಿತ್ತು. ಮುಗಿಯದೆ ಉಳಿದ ಕೋರಿಕೆಗಳು 80 ದಾಟಿದ್ದವು.

ಅಲ್ಲಿದ್ದವರು ಸೋಮಾರಿಗಳೇನಲ್ಲ, ಕೆಲಸ ಬಾರದವರೂ ಅಲ್ಲ. ದಿನವಿಡೀ ಅವರ ಕೈ ತುಂಬಿರುತ್ತಿತ್ತು. ಹಾಗಾದರೆ ಐದು ತಿಂಗಳು ಎಲ್ಲಿ ಹೋಗುತ್ತಿತ್ತು?

ಇಂಥ ಪ್ರಶ್ನೆಗೆ ಉತ್ತರ ಹುಡುಕಲು ಒಂದೇ ಸಾಲಿನ ಲೆಕ್ಕವೊಂದಿದೆ. ಗುಣಾಕಾರ, ಭಾಗಾಕಾರ ಬಲ್ಲ ಯಾರಾದರೂ ಅದನ್ನು ಮಾಡಬಹುದು. ಅದಕ್ಕೆ ಲಿಟಲ್‌ನ ನಿಯಮ ಎಂದು ಹೆಸರು.

ತರಗತಿಯಲ್ಲಿ ಎದ್ದ ಪ್ರಶ್ನೆ

ಜಾನ್ ಲಿಟಲ್ 1928ರಲ್ಲಿ ಬಾಸ್ಟನ್‌ನಲ್ಲಿ ಹುಟ್ಟಿದರು. ಎಂಐಟಿಯಲ್ಲಿ ಭೌತಶಾಸ್ತ್ರ ಓದಿ, ಅಲ್ಲಿಯೇ ಪ್ರೊಫೆಸರ್ ಫಿಲಿಪ್ ಮೋರ್ಸ್ ಅವರ ಮಾರ್ಗದರ್ಶನದಲ್ಲಿ 1955ರಲ್ಲಿ ಡಾಕ್ಟರೇಟ್ ಪಡೆದರು. ಆಮೇಲೆ ಕ್ಲೀವ್‌ಲ್ಯಾಂಡಿನ ಕೇಸ್ ಇನ್‌ಸ್ಟಿಟ್ಯೂಟ್‌ನಲ್ಲಿ ಕೆಲ ವರ್ಷ ಪಾಠ ಮಾಡಿದರು. ಅವರು ಕಲಿಸುತ್ತಿದ್ದ ವಿಷಯಗಳಲ್ಲಿ ಸರದಿ ಸಾಲುಗಳ ಗಣಿತವೂ ಒಂದು. ಆ ಗಣಿತಕ್ಕೆ ಆಗಲೇ ಅರ್ಧ ಶತಮಾನದ ವಯಸ್ಸಾಗಿತ್ತು. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ಎಂಜಿನಿಯರ್ ಎರ್ಲಾಂಗ್, ಕರೆಗಳ ಒತ್ತಡ ಲೆಕ್ಕಹಾಕಲು 1909ರಲ್ಲಿ ಅದಕ್ಕೆ ಅಡಿಪಾಯ ಹಾಕಿದ್ದರು.

ಸಾಲುಗಳನ್ನು ಅಧ್ಯಯನ ಮಾಡುವವರ ಕಣ್ಣಿಗೆ ಒಂದು ಸಂಬಂಧ ಮತ್ತೆ ಮತ್ತೆ ಬೀಳುತ್ತಿತ್ತು. ಸಾಲಿನಲ್ಲಿ ಸರಾಸರಿ ಎಷ್ಟು ಜನ ಇರುತ್ತಾರೆ, ಎಷ್ಟು ವೇಗದಲ್ಲಿ ಜನ ಬಂದು ಹೋಗುತ್ತಾರೆ, ಒಬ್ಬೊಬ್ಬರೂ ಸರಾಸರಿ ಎಷ್ಟು ಹೊತ್ತು ಅಲ್ಲಿರುತ್ತಾರೆ ಎಂಬ ಮೂರರಲ್ಲಿ ಎರಡು ಗೊತ್ತಿದ್ದರೆ ಮೂರನೆಯದು ತಾನಾಗಿ ಸಿಗುತ್ತಿತ್ತು. ಮೋರ್ಸ್ 1958ರ ತಮ್ಮ ಪುಸ್ತಕದಲ್ಲಿ ಇದನ್ನು ಬರೆದು, ಈ ಸಂಬಂಧ ಸುಳ್ಳಾಗುವ ಸಾಲೊಂದಿದ್ದರೆ ಕಂಡುಹಿಡಿಯಿರಿ ಎಂದು ಓದುಗರಿಗೆ ಸವಾಲನ್ನೂ ಹಾಕಿದ್ದರು. ಯಾವುದೇ ಸಾಲಿಗೂ ಇದು ನಿಜ ಎಂದು ಸಾಧಿಸುವುದು ಕಷ್ಟವೇ ಎಂದು ವಿದ್ಯಾರ್ಥಿಯೊಬ್ಬರು ಲಿಟಲ್‌ರನ್ನು ಕೇಳಿದರು. ಅಷ್ಟೇನೂ ಕಷ್ಟವಿರಲಾರದು ಎಂದರು ಲಿಟಲ್. ಹಾಗಾದರೆ ನೀವೇ ಮಾಡಿಬಿಡಿ ಎಂದಿತು ಮರುಮಾತು. ಲಿಟಲ್ ಬೇಸಿಗೆ ರಜೆಯಲ್ಲಿ ಕೂತು ಅದನ್ನು ಸಾಧಿಸಿದರು. 1961ರಲ್ಲಿ ‘ಆಪರೇಷನ್ಸ್ ರಿಸರ್ಚ್’ ನಿಯತಕಾಲಿಕದಲ್ಲಿ ಐದು ಪುಟಗಳ ಲೇಖನವಾಗಿ ಅದು ಅಚ್ಚಾಯಿತು. ಮುಂದೆ ಅವರು ಎಂಐಟಿಗೇ ಮರಳಿ, ಮಾರುಕಟ್ಟೆ ವಿಜ್ಞಾನದಲ್ಲಿ ದೊಡ್ಡ ಹೆಸರು ಮಾಡಿ, 2024ರಲ್ಲಿ 96ನೇ ವಯಸ್ಸಿನಲ್ಲಿ ತೀರಿಕೊಂಡರು.

ಲೇಖನದ ಸೂತ್ರ L = λW. ಇಲ್ಲಿ L ಎಂದರೆ ಒಳಗಿರುವವರ ಸರಾಸರಿ ಸಂಖ್ಯೆ, λ ಎಂದರೆ ಬರುವ ವೇಗ, W ಎಂದರೆ ಒಬ್ಬೊಬ್ಬರು ಒಳಗೆ ಕಳೆಯುವ ಸರಾಸರಿ ಹೊತ್ತು. ಗಂಟೆಗೆ 20 ರೋಗಿಗಳು ಬಂದು ಹೋಗುವ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಸದಾ 40 ಜನ ಇದ್ದರೆ, ಒಬ್ಬೊಬ್ಬರಿಗೂ ಅಲ್ಲಿ ಸರಾಸರಿ 2 ಗಂಟೆ ಹಿಡಿಯುತ್ತದೆ. ವೈದ್ಯರು ಎಷ್ಟು ಮಂದಿ, ಯಾರನ್ನು ಮೊದಲು ನೋಡಿದರು, ರೋಗಿಗಳು ಒಬ್ಬೊಬ್ಬರಾಗಿ ಬಂದರೋ ಗುಂಪಾಗಿ ಬಂದರೋ ಎಂಬ ಯಾವ ವಿವರವೂ ಈ ಲೆಕ್ಕಕ್ಕೆ ಬೇಡ.

ಕಾರ್ಖಾನೆಯವರು ಈ ಸೂತ್ರವನ್ನು ತಮ್ಮ ಮಾತಿಗೆ ಹೊಂದಿಸಿಕೊಂಡರು, ಅವರಿಂದ ಸಾಫ್ಟ್‌ವೇರ್ ತಂಡಗಳು ಪಡೆದುಕೊಂಡವು. ಶುರುವಾಗಿ ಇನ್ನೂ ಮುಗಿಯದ ಕೆಲಸಗಳ ಸಂಖ್ಯೆ ಅವರ ಬಾಯಲ್ಲಿ ‘ವಿಪ್’. ದಿನಕ್ಕೋ ವಾರಕ್ಕೋ ಮುಗಿದು ಹೊರಬೀಳುವ ಕೆಲಸಗಳ ಸಂಖ್ಯೆ ‘ಥ್ರೂಪುಟ್’. ಒಂದು ಕೆಲಸ ಕೈಗೆತ್ತಿಕೊಂಡ ದಿನದಿಂದ ಮುಗಿದ ದಿನದವರೆಗಿನ ಅವಧಿ ‘ಸೈಕಲ್ ಟೈಮ್’. ವಿಪ್ ಎಂದರೆ ಥ್ರೂಪುಟ್ ಗುಣಿಸು ಸೈಕಲ್ ಟೈಮ್, ಮೂರೂ ಸರಾಸರಿಗಳು.

ಎರಡು ವಾರ, ಐದು ಕೆಲಸ

ಇದು ಯಾಕೆ ನಿಜ ಎಂದು ತಿಳಿಯಲು ಒಂದು ತಂಡವನ್ನು ಕಲ್ಪಿಸಿಕೊಳ್ಳೋಣ. ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ಸಣ್ಣ ಕಂಪನಿ, ಅದರಲ್ಲಿ ಇಬ್ಬರು ಡೆವಲಪರ್‌ಗಳು, ಒಬ್ಬ ಟೆಸ್ಟರ್. ತಂಡ ಹೊಸದು, ಬೋರ್ಡ್ ಖಾಲಿ. ಮೊದಲ ಹತ್ತು ಕೆಲಸದ ದಿನಗಳಲ್ಲಿ ಐದು ಟಿಕೆಟ್‌ಗಳು ಬಂದವು, ಐದೂ ಮುಗಿದವು.

| ಟಿಕೆಟ್ | ಶುರುವಾದ ದಿನ | ಮುಗಿದ ದಿನ | ಹಿಡಿದ ದಿನಗಳು |
|---|---|---|---|
| ಬಿಲ್ಲಿನ ಹೊಸ ನಮೂನೆ | 1 | 4 | 4 |
| ದಾಸ್ತಾನು ವರದಿ | 1 | 6 | 6 |
| ಲಾಗಿನ್ ದೋಷ | 3 | 5 | 3 |
| ಗ್ರಾಹಕರಿಗೆ ಎಸ್ಸೆಮ್ಮೆಸ್ | 6 | 10 | 5 |
| ರಿಯಾಯಿತಿ ಲೆಕ್ಕದ ದೋಷ | 8 | 9 | 2 |

ಕೊನೆಯ ಕಂಬಸಾಲನ್ನು ಕೂಡಿದರೆ 20 ಬರುತ್ತದೆ. ಐದು ಕೆಲಸಕ್ಕೆ 20 ದಿನ ಎಂದರೆ ಸರಾಸರಿ ಸೈಕಲ್ ಟೈಮ್ 4 ದಿನ.

ಈಗ ಅದೇ ಹತ್ತು ದಿನಗಳನ್ನು ಇನ್ನೊಂದು ಬದಿಯಿಂದ ನೋಡಬಹುದು. ಯಾರೋ ಒಬ್ಬರು ದಿನಕ್ಕೊಮ್ಮೆ ಬೋರ್ಡಿನ ಮುಂದೆ ನಿಂತು, ಆ ದಿನ ಎಷ್ಟು ಟಿಕೆಟ್ ಕೈಯಲ್ಲಿದ್ದವು ಎಂದು ಎಣಿಸಿದರು ಎನ್ನೋಣ. ಮೊದಲೆರಡು ದಿನ 2, ಮೂರನೆಯ ನಾಲ್ಕನೆಯ ದಿನ 3, ಆಮೇಲೆ 2, 2, 1, 2, 2, ಕೊನೆಯ ದಿನ 1. ಕೂಡಿದರೆ ಇದೂ 20. ಹತ್ತು ದಿನಕ್ಕೆ ಹಂಚಿದರೆ ಸರಾಸರಿ ವಿಪ್ 2.

ಎರಡೂ ಕಡೆ 20 ಬಂದದ್ದು ಕಾಕತಾಳೀಯವಲ್ಲ. ಶಾಲೆಯ ಹಾಜರಿ ಪುಸ್ತಕದಲ್ಲಿ ಒಬ್ಬೊಬ್ಬ ಹುಡುಗನ ಹೆಸರಿನ ಮುಂದಿನ ಹಾಜರಿಗಳನ್ನು ಅಡ್ಡಕ್ಕೆ ಎಣಿಸಿ ಕೂಡಿದರೂ, ಒಂದೊಂದು ದಿನದ ಹಾಜರಿಯನ್ನು ಉದ್ದಕ್ಕೆ ಎಣಿಸಿ ಕೂಡಿದರೂ ಪುಟದ ಒಟ್ಟು ಒಂದೇ. ಇಲ್ಲಿ ಹುಡುಗರ ಜಾಗದಲ್ಲಿ ಟಿಕೆಟ್‌ಗಳಿವೆ. ಅಡ್ಡ ಮೊತ್ತವನ್ನು ಟಿಕೆಟ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಸೈಕಲ್ ಟೈಮ್, ಉದ್ದ ಮೊತ್ತವನ್ನು ದಿನಗಳ ಸಂಖ್ಯೆಯಿಂದ ಭಾಗಿಸಿದರೆ ವಿಪ್. ಇವೆರಡನ್ನೂ ಜೋಡಿಸುವುದು ಥ್ರೂಪುಟ್: ಹತ್ತು ದಿನಕ್ಕೆ ಐದು, ಎಂದರೆ ದಿನಕ್ಕೆ ಅರ್ಧ ಟಿಕೆಟ್. ಅರ್ಧವನ್ನು 4ರಿಂದ ಗುಣಿಸಿದರೆ 2.

ಹೀಗೆ ಇದು ಯಾರ ಅಭಿಪ್ರಾಯವೂ ಅಲ್ಲ, ಮ್ಯಾನೇಜ್‌ಮೆಂಟ್ ತತ್ವವೂ ಅಲ್ಲ. ಒಂದೇ ಪುಟವನ್ನು ಎರಡು ದಿಕ್ಕಿನಿಂದ ಎಣಿಸಿದ ಲೆಕ್ಕ. ಆದರೆ ಒಂದು ಷರತ್ತನ್ನು ಗಮನಿಸಬೇಕು. ಪುಟ ಶುರುವಾದಾಗ ಬೋರ್ಡ್ ಖಾಲಿಯಿತ್ತು, ಮುಗಿದಾಗಲೂ ಖಾಲಿಯಾಯಿತು. ಶುರುವಾದದ್ದೆಲ್ಲ ಮುಗಿದದ್ದರಿಂದಲೇ ಎರಡೂ ಮೊತ್ತ ಕೂದಲೆಳೆಯಷ್ಟೂ ತಪ್ಪದೆ ಕೂಡಿಬಂದವು. ನಿಜವಾದ ಕಚೇರಿಯಲ್ಲಿ ಬೋರ್ಡ್ ಎಂದೂ ಖಾಲಿಯಿರುವುದಿಲ್ಲ. ಅಲ್ಲಿ ದೀರ್ಘ ಕಾಲದ ಸರಾಸರಿ ಹಿಡಿಯಬೇಕು, ಒಳಬರುವ ವೇಗವೂ ಹೊರಹೋಗುವ ವೇಗವೂ ಸುಮಾರಾಗಿ ಸಮ ಇರಬೇಕು, ಶುರುವಾದ ಕೆಲಸ ಎಂದಾದರೂ ಹೊರಬೀಳಬೇಕು. ಈ ಕೊನೆಯ ಮಾತನ್ನೇ ಹೆಚ್ಚಿನ ತಂಡಗಳು ಮರೆಯುವುದು.

ಒಂದು ವರ್ಷದ ನಂತರ

ಅದೇ ತಂಡ, ಅದೇ ಮೂವರು. ಒಂದು ವರ್ಷ ಕಳೆದಿದೆ, ಗಿರಾಕಿಗಳು ಹೆಚ್ಚಿದ್ದಾರೆ. ಯಾರು ಏನು ಕೇಳಿದರೂ ‘ಆಯ್ತು, ಶುರು ಮಾಡ್ತೀವಿ’ ಎನ್ನುವುದು ರೂಢಿಯಾಗಿದೆ. ಬೋರ್ಡಿನಲ್ಲಿ ಈಗ ಸದಾ ಸುಮಾರು 15 ಟಿಕೆಟ್. ತಿಂಗಳ 20 ಕೆಲಸದ ದಿನಗಳಲ್ಲಿ 10 ಹೊಸದಾಗಿ ಶುರುವಾಗುತ್ತವೆ, 10 ಮುಗಿಯುತ್ತವೆ. ಥ್ರೂಪುಟ್ ಹಿಂದಿನಂತೆಯೇ ದಿನಕ್ಕೆ ಅರ್ಧ.

ನಿಯಮದ ಪ್ರಕಾರ 15ನ್ನು ಅರ್ಧದಿಂದ ಭಾಗಿಸಬೇಕು. ಸೈಕಲ್ ಟೈಮ್ 30 ಕೆಲಸದ ದಿನ, ಅಂದರೆ ಪೂರಾ ಆರು ವಾರ. ಒಂದು ವರ್ಷದ ಹಿಂದೆ ನಾಲ್ಕು ದಿನದಲ್ಲಿ ಆಗುತ್ತಿದ್ದ ಕೆಲಸ ಇದು. ಯಾರ ಕೈಯೂ ನಿಧಾನವಾಗಿಲ್ಲ. ಒಟ್ಟಿಗೆ ಹಿಡಿದುಕೊಂಡ ಕೆಲಸ ಏಳೂವರೆ ಪಟ್ಟಾಗಿದೆ, ಕಾಯುವ ಅವಧಿಯೂ ಏಳೂವರೆ ಪಟ್ಟಾಗಿದೆ.

ಇದನ್ನು ಮ್ಯಾನೇಜರ್ ಒಪ್ಪುವುದಿಲ್ಲ. ಟಿಕೆಟ್ ನಿರ್ವಹಿಸುವ ಸಾಫ್ಟ್‌ವೇರ್ ತೆರೆದು, ಕಳೆದ ತಿಂಗಳು ಮುಗಿದ ಹತ್ತು ಟಿಕೆಟ್‌ಗಳ ಸರಾಸರಿ ತೋರಿಸುತ್ತಾರೆ. ಅಲ್ಲಿರುವುದು 8 ದಿನ. ‘ಆರು ವಾರ ಎಲ್ಲಿಂದ ಬಂತು? ನಮ್ಮ ಸರಾಸರಿ ಎಂಟೇ ದಿನ’ ಎನ್ನುತ್ತಾರೆ.

ಎರಡು ಲೆಕ್ಕಗಳೂ ಪ್ರಾಮಾಣಿಕವಾಗಿಯೇ ಇವೆ, ಆದರೂ ತಾಳೆಯಾಗುತ್ತಿಲ್ಲ. ಸೂತ್ರ ಇಲ್ಲಿ ಕೆಲಸಕ್ಕೆ ಬಾರದು ಎಂದು ಬದಿಗಿಡುವವರು ಬಹಳ. ನಿಜಕ್ಕೂ ಸೂತ್ರದಿಂದ ಹೆಚ್ಚು ಪ್ರಯೋಜನ ಸಿಗುವುದು ಈ ತಾಳೆಯಾಗದ ಜಾಗದಲ್ಲೇ. ಮತ್ತೆ ಹಾಜರಿ ಪುಟಕ್ಕೆ ಹೋದರೆ ಗುಟ್ಟು ಬಯಲಾಗುತ್ತದೆ.

20 ದಿನ, ದಿನಕ್ಕೆ 15 ಟಿಕೆಟ್. ಪುಟದ ಒಟ್ಟು ಹಾಜರಿ 300. ಮುಗಿದ 10 ಟಿಕೆಟ್‌ಗಳು ತಲಾ 8 ದಿನ ಹಿಡಿದಿದ್ದರೆ ಅವುಗಳ ಪಾಲು ಸುಮಾರು 80. ಉಳಿದ 220 ಹಾಜರಿ ಯಾರದು? 220ನ್ನು 20ರಿಂದ ಭಾಗಿಸಿದರೆ 11. ಅಂದರೆ ತಿಂಗಳಿಡೀ, ಮೊದಲ ದಿನದಿಂದ ಕೊನೆಯ ದಿನದವರೆಗೆ, 11 ಟಿಕೆಟ್‌ಗಳು ಬೋರ್ಡಿನಲ್ಲಿ ಅಲುಗಾಡದೆ ಕೂತಿವೆ. ಉಳಿದ 4 ಜಾಗಗಳಲ್ಲಿ ಮಾತ್ರ ಹೊಸ ಟಿಕೆಟ್‌ಗಳು ಬಂದು, 8 ದಿನದಲ್ಲಿ ಮುಗಿದು, ಹೊರಹೋಗುತ್ತಿವೆ. ದಿನಕ್ಕೆ ಅರ್ಧದಂತೆ 8 ದಿನಕ್ಕೆ 4. ಸೂತ್ರ ಅಲ್ಲಿ ಸರಿಯಾಗಿಯೇ ಇದೆ.

ಮ್ಯಾನೇಜರರ ಸಾಫ್ಟ್‌ವೇರ್ ಮುಗಿದ ಟಿಕೆಟ್‌ಗಳನ್ನು ಮಾತ್ರ ಎಣಿಸುತ್ತದೆ. ಮುಗಿಯದೇ ಉಳಿದದ್ದು ಎಷ್ಟು ಹಳೆಯದಾದರೂ ಅದರ ಸರಾಸರಿಗೆ ಬರುವುದೇ ಇಲ್ಲ. ಹೊಸ ಟಿಕೆಟನ್ನು ಬೇಗ ಮುಗಿಸಿ ಹಳೆಯದನ್ನು ಕೊಳೆಯಲು ಬಿಟ್ಟಷ್ಟೂ ಆ ಸಂಖ್ಯೆ ಚೆನ್ನಾಗಿ ಕಾಣುತ್ತದೆ. ಆ 11ರಲ್ಲಿ ತನ್ನದೊಂದು ಇರುವ ಗಿರಾಕಿಗೆ ಮಾತ್ರ ನಿಜ ಗೊತ್ತು.

ಹನ್ನೊಂದನ್ನೂ ಒಂದೊಂದಾಗಿ ತೆಗೆದು ನೋಡಿದರೆ ಇಂಥ ಕಡೆಗಳಲ್ಲಿ ಸಾಮಾನ್ಯವಾಗಿ ಸಿಗುವ ಕಾರಣಗಳೇ ಸಿಗುತ್ತವೆ. ನಾಲ್ಕು ಟಿಕೆಟ್‌ಗಳ ಕೋಡ್ ಬರೆದಾಗಿದೆ, ಒಬ್ಬನೇ ಟೆಸ್ಟರ್ ಮುಂದೆ ಸಾಲುಗಟ್ಟಿವೆ. ಐದು ಟಿಕೆಟ್‌ಗಳು ಗಿರಾಕಿಯ ಉತ್ತರಕ್ಕಾಗಿ ಕಾಯುತ್ತಿವೆ. ಕೇಳಿದ ಮೇಲೆ ಮತ್ತೆ ಫೋನ್ ಮಾಡಿದವರಿಲ್ಲ. ಇನ್ನೆರಡನ್ನು ಯಾವುದೋ ತುರ್ತಿಗಾಗಿ ಅರ್ಧಕ್ಕೆ ಬಿಟ್ಟದ್ದು, ಹಾಗೆಯೇ ಉಳಿದಿದೆ.

ಹದಿನೈದರಿಂದ ಐದಕ್ಕೆ

ತಂಡ ಈಗ ಒಂದು ಮಿತಿ ಹಾಕಿಕೊಳ್ಳುತ್ತದೆ ಎನ್ನೋಣ: ಬೋರ್ಡಿನಲ್ಲಿ ಐದಕ್ಕಿಂತ ಹೆಚ್ಚು ಟಿಕೆಟ್ ಇರಬಾರದು. ಮೊದಲು ಗಿರಾಕಿಗಳಿಗೆ ಫೋನ್ ಹೋಗುತ್ತದೆ. ಕೂತಿದ್ದ 11ರಲ್ಲಿ 3 ಈಗ ಯಾರಿಗೂ ಬೇಕಿಲ್ಲ ಎಂದು ಗೊತ್ತಾಗಿ ಅವನ್ನು ಬೋರ್ಡಿನಿಂದ ತೆಗೆಯುತ್ತಾರೆ. ಉಳಿದದ್ದು 12. ಐದಕ್ಕೆ ಇಳಿಯಬೇಕಾದರೆ ಹೊಸದೇನನ್ನೂ ಹಿಡಿಯದೆ 7 ಮುಗಿಸಬೇಕು. ದಿನಕ್ಕೆ ಅರ್ಧದ ಲೆಕ್ಕದಲ್ಲಿ ಅದಕ್ಕೆ 14 ಕೆಲಸದ ದಿನ, ಹತ್ತಿರ ಹತ್ತಿರ ಮೂರು ವಾರ.

ಈ ಮೂರು ವಾರವೇ ಕಠಿಣ. ಡೆವಲಪರ್ ಒಬ್ಬರ ಕೈ ಖಾಲಿಯಾದಾಗ ಹೊಸ ಟಿಕೆಟ್ ಎತ್ತಿಕೊಳ್ಳುವಂತಿಲ್ಲ. ಟೆಸ್ಟರ್ ಪಕ್ಕ ಕೂತು ಇನ್ನೊಬ್ಬ ಡೆವಲಪರನ ಕೋಡನ್ನು ಪರೀಕ್ಷಿಸಬೇಕು, ಇಲ್ಲವೇ ಉತ್ತರ ಕೊಡದ ಅಂಗಡಿಯವರ ಬೆನ್ನು ಹತ್ತಬೇಕು. ಹೊರಗಿನಿಂದ ನೋಡುವವರಿಗೆ ತಂಡ ಸುಮ್ಮನೆ ಕೂತಂತೆ ಕಾಣುತ್ತದೆ. ಸಾಲದ್ದಕ್ಕೆ ಮ್ಯಾನೇಜರರ ಸರಾಸರಿ ಈ ಅವಧಿಯಲ್ಲಿ ಕೆಡುತ್ತದೆ. ಎರಡು ಮೂರು ತಿಂಗಳಿಂದ ಕೂತಿದ್ದ ಟಿಕೆಟ್‌ಗಳು ಈಗ ಮುಗಿಯುವುದರಿಂದ, ಅವುಗಳ ಹಳೆಯ ದಿನಗಳೆಲ್ಲ ಒಮ್ಮೆಲೇ ಲೆಕ್ಕಕ್ಕೆ ಬರುತ್ತವೆ. ಎಂಟು ದಿನವಿದ್ದ ಸರಾಸರಿ ಹಲವು ಪಟ್ಟು ಏರುತ್ತದೆ. ಮಿತಿ ಹಾಕಿದ್ದರಿಂದ ಕೆಲಸ ನಿಧಾನವಾಯಿತು ಎಂದು ಗಾಬರಿಯಾಗಿ ಇಲ್ಲಿಗೇ ಬಿಟ್ಟುಬಿಡುವ ತಂಡಗಳುಂಟು. ಆಗುತ್ತಿರುವುದು ಇಷ್ಟೇ: ಹಳೆಯ ಬಾಕಿ ಲೆಕ್ಕಕ್ಕೆ ಬರುತ್ತಿದೆ. ಬೋರ್ಡ್ ಇಳಿಯುತ್ತಿರುವಾಗ ಒಳಬರುವ ವೇಗ, ಹೊರಹೋಗುವ ವೇಗ ಸಮವಿಲ್ಲದ ಕಾರಣ ಆ ವಾರಗಳಿಗೆ ಸೂತ್ರ ಅನ್ವಯಿಸಿ ತೀರ್ಮಾನ ಮಾಡುವಂತೆಯೂ ಇಲ್ಲ.

ಮೂರು ವಾರ ದಾಟಿದ ಮೇಲೆ ಬೋರ್ಡಿನಲ್ಲಿ 5, ಥ್ರೂಪುಟ್ ಅರ್ಧ, ಸೈಕಲ್ ಟೈಮ್ 10 ದಿನ. ಹಳೆಯ 8 ದಿನಕ್ಕಿಂತ ಇದು ಎರಡು ದಿನ ಹೆಚ್ಚಲ್ಲವೇ ಎಂದು ಕೇಳಬಹುದು. ಆ 8 ಅದೃಷ್ಟವಂತ ಟಿಕೆಟ್‌ಗಳ ಸರಾಸರಿ. ಈ 10 ಶುರುವಾದ ಎಲ್ಲ ಟಿಕೆಟ್‌ಗಳದು.

ಹಾಗಾದರೆ ಮಿತಿಯನ್ನು 2ಕ್ಕೆ ಇಳಿಸಿದರೆ ಮತ್ತೆ ನಾಲ್ಕೇ ದಿನದಲ್ಲಿ ಮುಗಿಯುತ್ತದೆಯೇ? ಇಲ್ಲಿ ಎಚ್ಚರ ಬೇಕು. ಮೂರು ಸಂಖ್ಯೆಗಳ ನಂಟನ್ನು ಸೂತ್ರ ಹೇಳುತ್ತದೆಯೇ ಹೊರತು, ಒಂದನ್ನು ಬದಲಿಸಿದರೆ ಉಳಿದೆರಡರಲ್ಲಿ ಯಾವುದು ಬದಲಾಗುತ್ತದೆ ಎಂದು ಹೇಳುವುದಿಲ್ಲ. ಹದಿನೈದರಿಂದ ಐದಕ್ಕೆ ಇಳಿಸಿದಾಗ ಥ್ರೂಪುಟ್ ಕುಗ್ಗಲಿಲ್ಲ, ಯಾಕೆಂದರೆ ಆ ಹತ್ತರಲ್ಲಿ ಯಾರೂ ದುಡಿಯುತ್ತಿರಲಿಲ್ಲ. ಎರಡಕ್ಕೆ ಇಳಿಸಿದಾಗ ಒಂದು ಟಿಕೆಟ್ ಅಂಗಡಿಯವರ ಉತ್ತರಕ್ಕೆ ಕಾದು, ಇನ್ನೊಂದು ಟೆಸ್ಟಿಂಗ್‌ನಲ್ಲಿದ್ದರೆ ಇಬ್ಬರು ಡೆವಲಪರ್‌ಗಳೂ ನಿಜವಾಗಿ ಖಾಲಿ. ಅಂಥ ದಿನಗಳು ಹೆಚ್ಚಿ ತಿಂಗಳಿಗೆ 10ರ ಬದಲು 6 ಮುಗಿದರೆ ಥ್ರೂಪುಟ್ 0.3. ಎರಡನ್ನು 0.3ರಿಂದ ಭಾಗಿಸಿದರೆ ಸುಮಾರು 6.7 ದಿನ. ಸೈಕಲ್ ಟೈಮ್ ಮೂರು ದಿನ ಇಳಿದದ್ದಕ್ಕೆ ತಿಂಗಳಿಗೆ ನಾಲ್ಕು ಟಿಕೆಟ್‌ಗಳ ಬೆಲೆ ತೆತ್ತಂತಾಯಿತು.

ಸರಿಯಾದ ಮಿತಿ ಎಷ್ಟು ಎಂಬುದನ್ನು ಸೂತ್ರದಿಂದ ಪಡೆಯಲಾಗದು. ಬಲ್ಲವರು ಮಾಡುವುದೇನೆಂದರೆ, ಮಿತಿಯನ್ನು ಒಂದೊಂದಾಗಿ ಇಳಿಸುತ್ತಾ ಪ್ರತಿ ಹಂತದಲ್ಲೂ ಕೆಲ ವಾರ ಥ್ರೂಪುಟ್ ಮೇಲೆ ಕಣ್ಣಿಡುವುದು. ಅದು ಅಲುಗದಿರುವವರೆಗೆ ಇಳಿಸಬಹುದು. ಅದು ಕುಸಿಯತೊಡಗಿದರೆ ಒಂದು ಹೆಜ್ಜೆ ಹಿಂದಕ್ಕೆ ಬರಬೇಕು.

ಬೋರ್ಡಿನ ಹೊರಗಿನ ಸಾಲು

ಇಷ್ಟಾದರೂ ಗಿರಾಕಿಗೆ ಬಂದ ಲಾಭವೇನು ಎಂಬ ಪ್ರಶ್ನೆ ಉಳಿಯುತ್ತದೆ. ಅವರ ಗಡಿಯಾರ ಓಡತೊಡಗುವುದು ಟಿಕೆಟ್ ಬೋರ್ಡಿಗೆ ಬಂದ ದಿನವಲ್ಲ, ಕೇಳಿದ ದಿನ.

ನಮ್ಮ ತಂಡದ ಮುಂದೆ, ಇನ್ನೂ ಶುರುವಾಗದ 30 ಕೋರಿಕೆಗಳ ಪಟ್ಟಿಯೊಂದು ಇತ್ತು ಎಂದುಕೊಳ್ಳೋಣ. ಬೋರ್ಡಿನ 15 ಸೇರಿ ಒಟ್ಟು 45. ಅದೇ ಸೂತ್ರವನ್ನು ಇಡೀ ಸಾಲಿಗೆ ಹಾಕಿದರೆ 45ನ್ನು ಅರ್ಧದಿಂದ ಭಾಗಿಸಿ 90 ಕೆಲಸದ ದಿನ. ಈಗ ಮಿತಿ ಬಂದ ಮೇಲೆ ನೋಡಿ. ಮೂರನ್ನು ಕೈಬಿಟ್ಟದ್ದರಿಂದ ಒಟ್ಟು 42 ಆಯಿತು. ಆ 14 ದಿನಗಳಲ್ಲಿ 7 ಮುಗಿದವು, 7 ಹೊಸ ಕೋರಿಕೆಗಳು ಬಂದು ಪಟ್ಟಿ ಸೇರಿದವು. ಬೋರ್ಡಿನಲ್ಲಿ 5, ಪಟ್ಟಿಯಲ್ಲಿ 37. ಒಟ್ಟು ಕಾಯುವ ಅವಧಿ 84 ದಿನ. ಉಳಿದ ಆರು ದಿನವೂ ಬೇಡದ ಮೂರು ಕೆಲಸ ಬಿಟ್ಟದ್ದರಿಂದ ಉಳಿದದ್ದು, ಮಿತಿಯಿಂದಲ್ಲ.

ಬೋರ್ಡಿಗೆ ಮಿತಿ ಹಾಕಿ, ಸೈಕಲ್ ಟೈಮ್ ಮೂರನೇ ಒಂದು ಭಾಗಕ್ಕೆ ಇಳಿಯಿತು ಎಂದು ಹೇಳಿಕೊಳ್ಳುವವರು ಈ ಲೆಕ್ಕವನ್ನು ಮುಚ್ಚಿಡುತ್ತಾರೆ. ಕೆಲಸವನ್ನು ಒಂದು ಪಟ್ಟಿಯಿಂದ ಇನ್ನೊಂದು ಪಟ್ಟಿಗೆ ಸರಿಸಿದರೆ ಒಟ್ಟು ಕಾಯುವಿಕೆ ಕಡಿಮೆಯಾಗದು. ಆದರೂ ಏನೂ ಸಿಗಲಿಲ್ಲ ಎನ್ನುವಂತಿಲ್ಲ. ಪಟ್ಟಿಯಲ್ಲಿರುವ 37ರ ಕ್ರಮವನ್ನು ಯಾವಾಗ ಬೇಕಾದರೂ ಬದಲಿಸಬಹುದು. ಅರ್ಧ ಕೋಡ್ ಬರೆದಿಟ್ಟ ಟಿಕೆಟನ್ನು ಹಾಗೆ ಬದಲಿಸಲಾಗದು. ನಾಳೆ ಜಿಎಸ್‌ಟಿ ನಿಯಮ ಬದಲಾದರೆ ಆ ಕೆಲಸ ಪಟ್ಟಿಯ ತಲೆಗೆ ಬಂದು, ಕೈಗೆತ್ತಿಕೊಂಡ ಮೇಲೆ ಸರಾಸರಿ ಹತ್ತು ದಿನದಲ್ಲಿ ಮುಗಿಯುತ್ತದೆ. ಇಡೀ 84ನ್ನು ಇಳಿಸಬೇಕೆಂದರೆ ಮಾತ್ರ ಎರಡೇ ದಾರಿ: ಪಟ್ಟಿಯನ್ನು ಕತ್ತರಿಸಬೇಕು ಅಥವಾ ಹೆಚ್ಚು ಮುಗಿಸಬೇಕು.

ಹೈದರಾಬಾದಿನ ತಂಡದ ಕಥೆ ತಿರುಗಿದ್ದು ಇದೇ ಎರಡನೆಯ ದಾರಿಯಿಂದ. ಅದರ ಹೊಣೆ ಹೊತ್ತ ಪ್ರೋಗ್ರಾಮ್ ಮ್ಯಾನೇಜರ್ ಡ್ರಾಗೋಸ್ ಡುಮಿಟ್ರಿಯು, ಆಗ ಮೈಕ್ರೋಸಾಫ್ಟ್‌ನಲ್ಲೇ ಇದ್ದ ಡೇವಿಡ್ ಆಂಡರ್ಸನ್ ಅವರ ನೆರವು ಕೇಳಿದರು. ಇಬ್ಬರೂ ಕೆಲಸ ಹರಿಯುವ ದಾರಿಯನ್ನು ನೋಡಿದಾಗ ಕಂಡದ್ದು ಅಂದಾಜುಗಳ ಹೊರೆ. ಪ್ರತಿ ಕೋರಿಕೆ ಬಂದೊಡನೆ ಅದಕ್ಕೆಷ್ಟು ಸಮಯ, ಎಷ್ಟು ಖರ್ಚು ಎಂದು ಅಂದಾಜು ಕೊಡಬೇಕೆಂಬ ನಿಯಮವಿತ್ತು. ಒಂದೊಂದು ಅಂದಾಜಿಗೂ ಡೆವಲಪರ್ ಮತ್ತು ಟೆಸ್ಟರ್ ಕೈಯಲ್ಲಿದ್ದ ಕೆಲಸ ಬಿಟ್ಟು ಸುಮಾರು ಒಂದು ದಿನ ಕೂರಬೇಕಿತ್ತು. ತಂಡದ ದುಡಿಮೆಯಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಇದಕ್ಕೇ ಹೋಗುತ್ತಿತ್ತು. ಅಂದಾಜು ಮಾಡಿದ ಬಹಳಷ್ಟು ಕೋರಿಕೆಗಳು ಮುಂದೆ ಕೆಲಸಕ್ಕೇ ಬರುತ್ತಿರಲಿಲ್ಲ.

ಅಂದಾಜು ಮಾಡುವುದನ್ನು ನಿಲ್ಲಿಸಿದರು. ಕೈಯಲ್ಲಿರುವ ಕೆಲಸಕ್ಕೆ ಮಿತಿ ಬಂತು; ಒಂದು ಜಾಗ ಖಾಲಿಯಾದಾಗ ಮುಂದಿನದು ಯಾವುದೆಂದು ಕೋರಿಕೆ ಸಲ್ಲಿಸುವವರೇ ಕೂಡಿ ಆರಿಸುವ ಏರ್ಪಾಡಾಯಿತು. ಕೆಲಸ ಕಟ್ಟಿಕೊಳ್ಳುತ್ತಿದ್ದುದು ಡೆವಲಪರ್‌ಗಳ ಬಳಿಯಾದ್ದರಿಂದ, ಮೂವರು ಡೆವಲಪರ್ ಮೂವರು ಟೆಸ್ಟರ್ ಇದ್ದಲ್ಲಿ ನಾಲ್ವರು ಮತ್ತು ಇಬ್ಬರಾದರು. ಕೊನೆಗೆ ಇನ್ನಿಬ್ಬರನ್ನು ಸೇರಿಸಿಕೊಂಡದ್ದೂ ಉಂಟು. 2005ರ ಹೊತ್ತಿಗೆ ಥ್ರೂಪುಟ್ ಎರಡು ಪಟ್ಟಿಗೂ ಹೆಚ್ಚಾಗಿತ್ತು. ಐದು ತಿಂಗಳ ಕಾಯುವಿಕೆ ಸುಮಾರು ಎರಡು ವಾರಕ್ಕೆ ಇಳಿದಿತ್ತು. ಹೆಚ್ಚು ಮುಗಿಯತೊಡಗಿದ್ದರಿಂದ ಹಳೆಯ ಪಟ್ಟಿ ಕರಗಿತು. ಪಟ್ಟಿ ಕರಗಿದ್ದರಿಂದ ಕಾಯುವಿಕೆ ಇಳಿಯಿತು. ಮೂರು ಸಂಖ್ಯೆಗಳಲ್ಲಿ ಎರಡು ಒಟ್ಟಿಗೆ ಬದಲಾದಾಗ ಮೂರನೆಯದು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಇದು ಉದಾಹರಣೆ. ಆಂಡರ್ಸನ್ 2010ರಲ್ಲಿ ಪ್ರಕಟಿಸಿದ ‘ಕಾನ್‌ಬಾನ್’ ಪುಸ್ತಕದಲ್ಲಿ ಈ ಪ್ರಯೋಗವನ್ನು ವಿವರಿಸಿದ್ದಾರೆ.

ನಿಮ್ಮ ತಂಡದಲ್ಲಿ ಅಳೆಯುವುದಾದರೆ

ಅಳೆಯುವ ಮುನ್ನ ಎರಡು ಗೆರೆಗಳನ್ನು ಎಳೆದುಕೊಳ್ಳಬೇಕು: ಕೆಲಸ ಶುರುವಾಯಿತು ಎಂದು ಯಾವಾಗ ಹೇಳುತ್ತೀರಿ, ಮುಗಿಯಿತು ಎಂದು ಯಾವಾಗ. ಡೆವಲಪರ್ ಕೋಡ್ ಬರೆದು ಮುಗಿಸಿದ್ದು ಒಂದು, ಗಿರಾಕಿಯ ಕೈಗೆ ಸೇರಿದ್ದು ಇನ್ನೊಂದು. ಯಾವುದನ್ನಾದರೂ ಹಿಡಿಯಿರಿ, ಆದರೆ ಮೂರು ಸಂಖ್ಯೆಗಳಿಗೂ ಅದೇ ಗೆರೆ ಇರಲಿ. ದಿನಗಳ ಲೆಕ್ಕವೂ ಒಂದೇ ಇರಲಿ. ಥ್ರೂಪುಟ್ ಅಳೆಯುವಾಗ ಕೆಲಸದ ದಿನ, ಸೈಕಲ್ ಟೈಮ್ ಅಳೆಯುವಾಗ ಶನಿವಾರ ಭಾನುವಾರ ಸೇರಿದ ಕ್ಯಾಲೆಂಡರ್ ದಿನ ಹಿಡಿದರೆ ಲೆಕ್ಕ ಎಂದೂ ಕೂಡಿಬರದು. ಕೈಬಿಟ್ಟ ಟಿಕೆಟನ್ನೂ ಹೊರಹೋದದ್ದೆಂದೇ ದಾಖಲಿಸಬೇಕು. ಸುಮ್ಮನೆ ಅಳಿಸಿದರೆ ಹಾಜರಿ ಪುಟ ಹರಿದಂತೆ.

ಸೂತ್ರ ಕೊಡುವ ಸರಾಸರಿಯನ್ನು ಗಿರಾಕಿಗೆ ಮಾತಾಗಿ ಕೊಡಬೇಡಿ. ಮೊದಲ ಎರಡು ವಾರದ ಐದು ಟಿಕೆಟ್‌ಗಳ ಸರಾಸರಿ 4 ದಿನವಿದ್ದರೂ ಒಂದು ಎರಡೇ ದಿನದಲ್ಲಿ ಮುಗಿಯಿತು, ಇನ್ನೊಂದಕ್ಕೆ ಆರು ದಿನ ಬೇಕಾಯಿತು. ಮಾತು ಕೊಡಬೇಕಾದಾಗ ಇತ್ತೀಚೆಗೆ ಮುಗಿದ 20 ಟಿಕೆಟ್‌ಗಳನ್ನು ಹಿಡಿದ ದಿನಗಳ ಕ್ರಮದಲ್ಲಿ ಜೋಡಿಸಿ, 17ನೆಯದಕ್ಕೆ ಎಷ್ಟು ದಿನ ಹಿಡಿಯಿತು ಎಂದು ನೋಡುವುದು ಮೇಲು. ಆ ಅವಧಿಯನ್ನು ಹೇಳಿದರೆ ನೂರಕ್ಕೆ 85ರಷ್ಟು ಸಲ ಮಾತು ಉಳಿಯುವ ಸಾಧ್ಯತೆಯಿದೆ. ತಂಡದ ರೀತಿ ಬದಲಾಗಿದ್ದರೆ ಆ ಹಳೆಯ 20ರ ಲೆಕ್ಕವೂ ಬದಲಾಗುತ್ತದೆ ಎಂಬುದನ್ನು ಮರೆಯಬಾರದು.

ಉಳಿದದ್ದು ಸುಲಭ. ನಾಲ್ಕು ವಾರ, ದಿನವೂ ಒಂದೇ ಹೊತ್ತಿಗೆ ಬೋರ್ಡಿನ ಟಿಕೆಟ್‌ಗಳನ್ನು ಎಣಿಸಿ ಬರೆದಿಡಿ, ಆ ದಿನ ಎಷ್ಟು ಮುಗಿದವು ಎಂದೂ ಬರೆದಿಡಿ. ತಿಂಗಳ ಕೊನೆಗೆ ಸರಾಸರಿ ವಿಪ್‌ನ್ನು ದಿನದ ಥ್ರೂಪುಟ್‌ನಿಂದ ಭಾಗಿಸಿ, ನಿಮ್ಮ ಸಾಫ್ಟ್‌ವೇರ್ ತೋರಿಸುವ ಸೈಕಲ್ ಟೈಮ್ ಪಕ್ಕ ಇಟ್ಟು ನೋಡಿ. ಎರಡೂ ಹತ್ತಿರವಿದ್ದರೆ ನಿಮ್ಮ ಬೋರ್ಡಿನಲ್ಲಿ ಕೆಲಸ ಹರಿಯುತ್ತಿದೆ. ಭಾಗಾಕಾರದ ಉತ್ತರ ಬಹಳ ದೊಡ್ಡದಾಗಿದ್ದರೆ ಹೊಸ ಮಿತಿ, ಹೊಸ ಸಭೆಗಳ ಯೋಚನೆಯನ್ನು ಆಮೇಲೆ ಮಾಡಿ. ಮೊದಲು ಬೋರ್ಡಿನ ಅತ್ಯಂತ ಹಳೆಯ ಟಿಕೆಟ್ ಯಾವುದೆಂದು ಹುಡುಕಿ, ಅದನ್ನು ಕೇಳಿದವರಿಗೆ ಅದು ಇನ್ನೂ ಬೇಕೇ ಎಂದು ಒಂದು ಫೋನ್ ಮಾಡಿ.